ಜನವರಿವರೆಗೆ ಅವಧಿ ಇದ್ದ ಪಾಸ್‌ಪೋರ್ಟ್ ಆಗಸ್ಟಿಗೆ ಸಾಲಲಿಲ್ಲ

ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುವ ಕೊನೆಯ ದಿನಾಂಕ ಒಂದು, ಅದನ್ನು ಹಿಡಿದು ವಿಮಾನ ಹತ್ತಬಹುದಾದ ಕೊನೆಯ ದಿನ ಇನ್ನೊಂದು. ಇವೆರಡರ ನಡುವೆ ಹಲವು ದೇಶಗಳಿಗೆ ಆರು ತಿಂಗಳ ಅಂತರ ಇರುತ್ತದೆ. ಕುಮಟಾದ ಹತ್ತಿರದ ನಮ್ಮ ಊರಿಂದ ಆಯಿಯನ್ನು ದುಬೈಗೆ ಕಳಿಸುವ ಕೆಲಸ ಈಗಷ್ಟೇ ಮುಗಿಯಿತು. ತಂಗಿಯ ಬಾಣಂತನಕ್ಕೆ ಹೊರಟವರ ಪಾಸ್‌ಪೋರ್ಟಿಗೆ ಅವಧಿಯೂ ಸಾಲದು, ಮೇಲಿಂದ ಬೂಷ್ಟೂ ಹಿಡಿದಿತ್ತು. ಹೀಗೆ ಎರಡು ತೊಂದರೆ ಒಟ್ಟಿಗೆ ಬಂದಾಗ ಯಾವುದನ್ನು ಹೇಗೆ ಬಿಡಿಸಬೇಕು ಅನ್ನುವುದು ಒಂದೇ ಕಡೆ ಸಿಗಲಿಲ್ಲ. ನಮ್ಮ ಜಿಲ್ಲೆಯಿಂದ ಕೊಲ್ಲಿ ದೇಶಗಳಿಗೆ ಹೋಗಿಬರುವವರು ಸಾಕಷ್ಟಿದ್ದಾರೆ, ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಲೆಕ್ಕ. ಪಾಸ್‌ಪೋರ್ಟಿನ ಅವಧಿ 2026ರ ಜನವರಿ 17ರವರೆಗೆ. ಹೊರಡಬೇಕೆಂದಿದ್ದದ್ದು 2025ರ ಆಗಸ್ಟ್ 2ಕ್ಕೆ. ಯುಎಇಗೆ ಕಾಲಿಡುವ ದಿನದಿಂದ ಮುಂದೆ ಆರು ತಿಂಗಳು ಪಾಸ್‌ಪೋರ್ಟ್ ಜೀವಂತ ಇರಬೇಕು. ಆಗಸ್ಟ್ 2ರಿಂದ ಆರು ತಿಂಗಳೆಂದರೆ ಫೆಬ್ರವರಿ 2. ಅಲ್ಲಿಗೆ ಹದಿನಾರು ದಿನ ಕಡಿಮೆ ಬಿತ್ತು. ಎರಡು ತಿಂಗಳಲ್ಲಿ ವಾಪಸು ಬರುತ್ತಾರೆ, ರಿಟರ್ನ್ ಟಿಕೆಟ್ ಇದೆ ಎಂದರೆ ನಡೆಯುವುದಿಲ್ಲ. ವಾಪಸಾಗುವ ದಿನವನ್ನು ಈ ಲೆಕ್ಕದಲ್ಲಿ ಯಾರೂ ನೋಡುವುದೇ ಇಲ್ಲ. ಆ ಪಾಸ್‌ಪೋರ್ಟಿನಲ್ಲೇ ಹೋಗಬೇಕೆಂದಿದ್ದರೆ ಜುಲೈ 17ರೊಳಗೆ ಅಲ್ಲಿ ಇಳಿದಿರಬೇಕಿತ್ತು. ಕೆಲವರು ಆರು ತಿಂಗಳನ್ನು 180 ದಿನ ಎಂದು ಎಣಿಸುತ್ತಾರೆ. ತಿಂಗಳ ಲೆಕ್ಕಕ್ಕೂ ದಿನದ ಲೆಕ್ಕಕ್ಕೂ ಒಂದರಿಂದ ನಾಲ್ಕು ದಿನ ವ್ಯತ್ಯಾಸ ಬೀಳುತ್ತದೆ. ಅಷ್ಟು ಅಂಚಿನಲ್ಲಿ ಟಿಕೆಟ್ ತೆಗೆಯಲೇಬೇಡಿ. ರಾತ್ರಿ ಹೊರಟು ಮರುದಿನ ಇಳಿಯುವ ವಿಮಾನವಾದರೆ ಇಳಿಯುವ ದಿನದಿಂದ ಎಣಿಸಬೇಕು.

ನಮ್ಮ ದೇಶದ ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಅದರ ಮೇಲೆ ಬರೆದ ಕೊನೆಯ ದಿನದವರೆಗೂ ಸಿಂಧು. ಆರು ತಿಂಗಳ ಷರತ್ತು ಹಾಕುವುದು ನಾವು ಹೋಗುವ ದೇಶ. ಬಂದವರು ಕಾಯಿಲೆ ಬಿದ್ದೋ ವೀಸಾ ಮುಂದುವರಿಸಿಯೋ ಹೆಚ್ಚು ದಿನ ಉಳಿದರೂ, ಅವರನ್ನು ತಿರುಗಿ ಕಳಿಸುವ ಹೊತ್ತಿಗೆ ಕೈಯಲ್ಲಿ ಜೀವಂತ ದಾಖಲೆ ಇರಲಿ ಅನ್ನುವುದು ಅವರ ಮುಂಜಾಗ್ರತೆ. ಆದರೆ ಇದನ್ನು ಜಾರಿ ಮಾಡುವುದು ಮಾತ್ರ ಚೆಕ್‌ಇನ್ ಕೌಂಟರಿನಲ್ಲಿ ಕೂತ ವಿಮಾನ ಕಂಪನಿಯ ಹುಡುಗ ಅಥವಾ ಹುಡುಗಿ. ಅವರ ಗಣಕದಲ್ಲಿ ಟಿಮ್ಯಾಟಿಕ್ ಎಂಬ ಮಾಹಿತಿಕೋಶ ಇರುತ್ತದೆ. ಯಾವ ದೇಶದ ಪಾಸ್‌ಪೋರ್ಟಿನವರಿಗೆ ಯಾವ ದೇಶ ಏನು ಕೇಳುತ್ತದೆ ಎಂಬುದೆಲ್ಲ ಅದರಲ್ಲಿದೆ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೆ ದಂಡ ಬೀಳುತ್ತದೆ, ವಾಪಸು ಕರೆತರುವ ಹೊಣೆಯೂ ಅವರದೇ. ಹಾಗಾಗಿ ಅಲ್ಲಿ ವಾದ ಮಾಡಿ ಗೆದ್ದವರಿಲ್ಲ.

ಎಲ್ಲ ದೇಶಕ್ಕೂ ಆರು ತಿಂಗಳು ಬೇಕು ಅನ್ನುವುದೂ ತಪ್ಪು. ಯುಎಇ, ಸೌದಿ, ಸಿಂಗಪುರ, ಮಲೇಶಿಯಾ, ಶ್ರೀಲಂಕಾ ಇವಕ್ಕೆ ಆರು ತಿಂಗಳು. ಯೂರೋಪಿನ ಶೆಂಗೆನ್ ದೇಶಗಳು ಎಣಿಸುವ ರೀತಿ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಅವಧಿ ಇರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ಬ್ರಿಟನ್ನಿಗೆ ಉಳಿಯುವಷ್ಟು ದಿನಕ್ಕೆ ಇದ್ದರೆ ಆಯಿತು. ಅಮೆರಿಕಕ್ಕೆ ಆರು ತಿಂಗಳ ನಿಯಮ ಇದ್ದರೂ, ಅದರಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ದಾರಿಯಲ್ಲಿ ಇನ್ನೊಂದು ದೇಶದಲ್ಲಿ ಇಳಿದು ಹೊರಗೆ ಹೋಗುವುದಿದ್ದರೆ ಆ ದೇಶದ ನಿಯಮವೂ ಲೆಕ್ಕಕ್ಕೆ ಬರುತ್ತದೆ.

ಅವಧಿ ಒಂದೇ ತೊಂದರೆಯಾಗಿದ್ದರೆ ಕೆಲಸ ಸುಲಭವಿತ್ತು. ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲ, ಹೊಸ ಹತ್ತು ವರ್ಷ ಕೊಟ್ಟ ದಿನದಿಂದ ಶುರು. ಆರೇಳು ತಿಂಗಳು ವ್ಯರ್ಥವಾಯಿತಲ್ಲ ಎಂದು ಆಯಿಗೆ ಹೊಟ್ಟೆ ಉರಿಯಿತು. ಆದರೆ ಆರು ತಿಂಗಳು ಕೇಳುವ ದೇಶಕ್ಕೆ ಹೋಗುವವರ ಪಾಸ್‌ಪೋರ್ಟಿನ ಆಯುಸ್ಸು ಒಂಬತ್ತೂವರೆ ವರ್ಷವೇ. ಆ ಕೊನೆಯ ಅರ್ಧ ವರ್ಷ ಮೊದಲಿಂದಲೂ ಬರೀ ಕಾಗದದ ಮೇಲಿತ್ತು.

ಈಗ ಬೂಷ್ಟಿನ ವಿಷಯ. ಕರಾವಳಿಯಲ್ಲಿ ಪಾಸ್‌ಪೋರ್ಟ್ ಹಾಳಾಗುವುದು ನೀರಿಗೆ ಬಿದ್ದು ಅಲ್ಲ, ಕಪಾಟಿನಲ್ಲಿ ಕೂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿದ ಕಬ್ಬಿಣದ ಕಪಾಟಿನೊಳಗೆ ಗಾಳಿ ಆಡುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯೊಳಗೆ ಹೊಕ್ಕ ತೇವ ಹೊರಗೆ ಬರುವುದಿಲ್ಲ. ಹೊದಿಕೆಯ ರಟ್ಟು ಆ ತೇವ ಹೀರಿ ಉಬ್ಬುತ್ತದೆ. ಚಿಪ್ ಇಲ್ಲದ ಹಳೆಯ ಮಾದರಿಯಲ್ಲಿ ಫೋಟೋ ಇರುವ ಪುಟ ಮುಂದಿನ ರಟ್ಟಿನ ಒಳಬದಿಗೇ ಅಂಟಿಕೊಂಡಿದೆ. ರಟ್ಟು ಉಬ್ಬಿದಾಗ ಅದರ ಮೇಲಿನ ತೆಳು ಲ್ಯಾಮಿನೇಶನ್ ಮೂಲೆಯಿಂದ ಎದ್ದು ಬರುತ್ತದೆ, ಎದ್ದ ಸಂದಿಯಲ್ಲಿ ಬೂಷ್ಟು ಬೆಳೆಯುತ್ತದೆ. ಆಯಿಯದರಲ್ಲಿ ಆದದ್ದು ಇದೇ. ಬಲಗಡೆಯ ಕೆಳಮೂಲೆ ಎದ್ದಿತ್ತು, ಒಳಗೆ ಹಳದಿ ಕಲೆ, ಮುಗ್ಗಲು ವಾಸನೆ. ವೀಸಾ ಪುಟಗಳಲ್ಲಿ ಒಂದೆರಡು ಒಂದಕ್ಕೊಂದು ಅಂಟಿದ್ದವು.

ಹಾಳಾಗಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ಫೋಟೋ ಪುಟದ ಅಡಿಯಲ್ಲಿರುವ ಎರಡು ಸಾಲು ನೋಡಿ. ಒಂದೊಂದರಲ್ಲಿ 44 ಅಕ್ಷರ, ಅಂಕೆ, ಬಾಣದಂಥ ಗುರುತು. ವಿಮಾನ ನಿಲ್ದಾಣದ ಯಂತ್ರ ಓದುವುದು ಇವನ್ನೇ. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಮುಕ್ತಾಯದ ದಿನ ಪ್ರತಿಯೊಂದರ ನಂತರ ತಾಳೆ ನೋಡುವ ಒಂದು ಅಂಕೆ ಇದೆ. ಕಲೆ ಬಿದ್ದು ಒಂದು ಅಕ್ಷರ ತಪ್ಪಾಗಿ ಓದಿಕೊಂಡರೂ ಆ ಅಂಕೆ ತಾಳೆಯಾಗದೆ ಯಂತ್ರ ತಿರಸ್ಕರಿಸುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಒಂದೊಂದೇ ಅಕ್ಷರ ಓದಿ. ಆಮೇಲೆ ಮುಖದ ಚಿತ್ರದ ಮೇಲೆ ಕಲೆ ಇದೆಯೇ, ಲ್ಯಾಮಿನೇಶನ್ ಎದ್ದಿದೆಯೇ, ನಡುವಿನ ಹೊಲಿಗೆ ಬಿಟ್ಟಿದೆಯೇ, ಪುಟಸಂಖ್ಯೆ ಒಂದೂ ಬಿಡದೆ ಸಾಲಾಗಿದೆಯೇ ನೋಡಿ. ಹೊರರಟ್ಟಿನ ಬಂಗಾರದ ಅಕ್ಷರ ಮಾಸಿದ್ದು, ಮೂಲೆ ಸವೆದದ್ದು ಬಳಕೆಯ ಗುರುತು ಮಾತ್ರ, ಅದಕ್ಕೆ ಹೆದರಬೇಕಿಲ್ಲ. ಎದ್ದ ಲ್ಯಾಮಿನೇಶನ್‌ನ ಮಾತು ಬೇರೆ. ಫೋಟೋ ಬದಲಿಸುವ ಮೋಸಗಾರರು ಶುರುಮಾಡುವುದೇ ಅಲ್ಲಿಂದ, ಆದ್ದರಿಂದ ಅಧಿಕಾರಿಗಳ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಅದಕ್ಕಾಗಿಯೇ ಮನೆಯಲ್ಲಿ ರಿಪೇರಿಗೆ ಕೈ ಹಾಕಬಾರದು. ಫೆವಿಕ್ವಿಕ್ ಹಾಕಿ ಒತ್ತುವುದು, ಇಸ್ತ್ರಿ ಪೆಟ್ಟಿಗೆ ಇಡುವುದು, ಝೆರಾಕ್ಸ್ ಅಂಗಡಿಯಲ್ಲಿ ಮತ್ತೆ ಲ್ಯಾಮಿನೇಶನ್ ಮಾಡಿಸುವುದು, ಇವೆಲ್ಲ ಹಾನಿಯನ್ನು ತಿದ್ದುಪಡಿಯ ಅನುಮಾನಕ್ಕೆ ತಂದು ನಿಲ್ಲಿಸುತ್ತವೆ. ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪುಸ್ತಕ ಕೇಂದ್ರ ಸರ್ಕಾರದ ಸ್ವತ್ತು, ಅದರಲ್ಲಿ ಬದಲಾವಣೆ ಮಾಡುವುದು ಅಪರಾಧ. ಬ್ಯಾಂಕಾಕಿಗೆ ಹೋಗಿದ್ದು ಮನೆಯಲ್ಲಿ ಗೊತ್ತಾಗಬಾರದೆಂದು ಮುದ್ರೆ ಬಿದ್ದ ಪುಟ ಹರಿದುಹಾಕಿ ಮುಂಬೈ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಹೆಂಡತಿಯಿಂದ ತಪ್ಪಿಸಿಕೊಳ್ಳಲು ಹೋಗಿ ಪೊಲೀಸರ ಕೈಗೆ! ಅಂಟಿದ ಪುಟಗಳನ್ನು ಎಳೆದು ಬಿಡಿಸಲೂ ಹೋಗಬೇಡಿ, ಹರಿದರೆ ಹೇಳಿಕೆ ಕೊಡಬೇಕಾದವರು ನೀವೇ. ನಾವು ಒಣ ಬಟ್ಟೆಯಲ್ಲಿ ಹೊರಗಿನ ಬೂಷ್ಟು ಒರೆಸಿ, ನೆರಳಲ್ಲಿ ಗಾಳಿಗೆ ಬಿಟ್ಟು, ಅಲ್ಲಿಗೇ ನಿಲ್ಲಿಸಿದೆವು.

passportindia.gov.in ತಾಣದಲ್ಲಿ ಅರ್ಜಿ ತುಂಬುವಾಗ ಮೊದಲ ಗೊಂದಲ. ಮರುವಿತರಣೆಗೆ ಕಾರಣ ಕೇಳುವಲ್ಲಿ Validity Expired within 3 years/Due to Expire ಎಂಬುದೂ ಇದೆ, Damaged Passport ಎಂಬುದೂ ಇದೆ. ಮೊದಲನೆಯದಕ್ಕೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ಎರಡನೆಯದಕ್ಕೆ 3000. ಹೇಗೂ ಅವಧಿ ಮುಗಿಯುತ್ತಿದೆ, ಅರ್ಧ ದುಡ್ಡಿನಲ್ಲಿ ಮುಗಿಸಿ ಎಂದು ಹೇಳಿದವರು ಬಹಳ. ಆದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಹಾನಿ ಕಂಡರೆ ಕಾರಣ ಬದಲಾಗುತ್ತದೆ, ವ್ಯತ್ಯಾಸದ ಹಣ ಕಟ್ಟಬೇಕು, ಹಾನಿಯ ಹೇಳಿಕೆ ಕೇಳುತ್ತಾರೆ. ಅದು ಕೈಯಲ್ಲಿ ಇಲ್ಲದಿದ್ದರೆ ಇನ್ನೊಂದು ದಿನ ಬರಬೇಕು. ಕುಮಟಾದಿಂದ ಹುಬ್ಬಳ್ಳಿಗೆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ ಎರಡನೇ ಸಲ ಹೋಗಿಬರುವ ಖರ್ಚು, ವಯಸ್ಸಾದವರ ದಣಿವು ನೋಡಿದರೆ ಆ 1500 ಉಳಿತಾಯವೇ ಅಲ್ಲ. ಹಾಳಾದದ್ದನ್ನು ಹಾಳಾದದ್ದೆಂದೇ ಬರೆದೆವು.

ತತ್ಕಾಲ್‌ಗೆ ಇನ್ನೂ 2000 ಸೇರುತ್ತದೆ, ಅಂದರೆ ಹಾಳಾದ 36 ಪುಟದ್ದಕ್ಕೆ ಒಟ್ಟು 5000. ಆದರೆ ಎಲ್ಲ ಹಾನಿಗೂ ತತ್ಕಾಲ್ ಸಿಗುವುದಿಲ್ಲ. ಸಂಖ್ಯೆ ಓದಲು ಬಂದು, ಹೆಸರು ಕಂಡು, ಫೋಟೋ ಸರಿಯಿದ್ದರೆ ಅದು ಭಾಗಶಃ ಹಾನಿ, ತತ್ಕಾಲ್‌ಗೆ ಅವಕಾಶ ಉಂಟು. ಗುರುತು ಸಿಗದಷ್ಟು ಹಾಳಾಗಿದ್ದರೆ, ಒರಲೆ ಫೋಟೋವನ್ನೇ ತಿಂದಿದ್ದರೆ, ಸಾಮಾನ್ಯ ದಾರಿಯೊಂದೇ. ನಮ್ಮದು ಭಾಗಶಃ ಹಾನಿಯೇ ಆಗಿದ್ದರೂ ಜೂನ್ ಆರಂಭದಲ್ಲೇ ಶುರುಮಾಡಿದ್ದರಿಂದ ಸಾಮಾನ್ಯ ಅರ್ಜಿ ಸಾಕೆಂದುಕೊಂಡೆವು.

ಹಾನಿಯ ಹೇಳಿಕೆಗೆ ಅನುಬಂಧ ಎಫ್ ಎಂಬ ನಮೂನೆ ಇದೆ, ತಾಣದಲ್ಲೇ ಸಿಗುತ್ತದೆ. ಪಾಸ್‌ಪೋರ್ಟ್ ಹೇಗೆ, ಎಲ್ಲಿ ಹಾಳಾಯಿತು ಎಂದು ಅದರಲ್ಲಿ ಬರೆಯಬೇಕು. ಇಲ್ಲಿ ದುಡ್ಡು ಪೋಲಾಗುವ ಜಾಗವೊಂದಿದೆ. ತಹಶೀಲ್ದಾರ್ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಇದನ್ನು ಕೇಳಿದರೆ ಇ-ಸ್ಟಾಂಪ್ ಪೇಪರ್, ನೋಟರಿ ಎಂದೆಲ್ಲ ಪಟ್ಟಿ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಈ ಅನುಬಂಧಗಳನ್ನೆಲ್ಲ ಬಿಳಿ ಹಾಳೆಯ ಸ್ವಯಂ ಘೋಷಣೆಗೆ ಇಳಿಸಿತು, ನೋಟರಿಯೂ ಬೇಡ, ಮ್ಯಾಜಿಸ್ಟ್ರೇಟರೂ ಬೇಡ ಎಂದಿತು. ಹೇಳಿಕೆಯಲ್ಲಿ "ಆಕಸ್ಮಿಕವಾಗಿ ಹಾಳಾಯಿತು" ಎಂದು ಒಂದೇ ಸಾಲು ಗೀಚಿದರೆ ಪ್ರಶ್ನೆ ಹೆಚ್ಚುತ್ತದೆ. ಯಾವ ಊರಿನ ಮನೆಯಲ್ಲಿ, ಎಲ್ಲಿ ಇಟ್ಟಿದ್ದು, ಯಾವ ಮಳೆಗಾಲದಲ್ಲಿ, ಯಾವ ಯಾವ ಪುಟಕ್ಕೆ ಏನಾಗಿದೆ, ಯಾವ ಪುಟವೂ ಕಾಣೆಯಾಗಿಲ್ಲ ಎಂದು ಬಿಡಿಸಿ ಬರೆಯಿರಿ. ಪೊಲೀಸ್ ದೂರು ಬೇಕಾಗುವುದು ಕಳೆದುಹೋದಾಗ, ಹಾಳಾದದ್ದಕ್ಕೆ ಮೂಲ ಪುಸ್ತಕವೇ ಸಾಕ್ಷಿ. ಇದರ ಜೊತೆಗೆ ವಿಳಾಸದ ದಾಖಲೆ, ಹುಟ್ಟಿದ ದಿನದ ದಾಖಲೆ, ಹಳೆಯ ಪಾಸ್‌ಪೋರ್ಟಿನ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ನಕಲು ಇಟ್ಟುಕೊಂಡೆವು. ನಕಲಿನಲ್ಲಿ ಕಲೆ ಕಪ್ಪಾಗಿ ಬಂದು ಅಕ್ಷರ ಮುಚ್ಚಿಹೋಗುತ್ತದೆ, ಬಣ್ಣದ ಪ್ರತಿ ತೆಗೆಸುವುದು ಒಳ್ಳೆಯದು.

36 ಪುಟವೋ 60 ಪುಟವೋ ಎಂದು ಅರ್ಜಿಯಲ್ಲೇ ಕೇಳುತ್ತದೆ. ಹೆಚ್ಚಿನ ವ್ಯತ್ಯಾಸ 500 ರೂಪಾಯಿ. ಆಯಿಗೆ 36 ಧಾರಾಳ. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಕಾರವಾರ ಕಡೆಯ ಹುಡುಗರಿಗೆ ಮಾತ್ರ 36 ಪುಟ ಹತ್ತು ವರ್ಷ ಬರುವುದಿಲ್ಲ. ಒಂದೊಂದು ಸಲ ಹಡಗು ಸೇರಲು ಒಂದು ದೇಶ, ಇಳಿಯಲು ಇನ್ನೊಂದು ದೇಶ, ಎರಡೂ ಕಡೆ ಮುದ್ರೆ, ನಮ್ಮ ನಿಲ್ದಾಣದಲ್ಲಿ ಹೋಗುವಾಗ ಒಂದು ಬರುವಾಗ ಒಂದು. ಪೂರ್ತಿ ಪುಟ ತುಂಬುವ ವೀಸಾ ಅಂಟಿಸಿದರೆ ಇನ್ನೂ ಬೇಗ ಮುಗಿಯುತ್ತದೆ. ಆಮೇಲೆ ಪುಟ ಸೇರಿಸಿ ಹೊಲಿಯುವ ಪದ್ಧತಿ ಇಲ್ಲ, ಹೊಸ ಪುಸ್ತಕವೇ ಬೇಕು. ಪುಟ ಮುಗಿದದ್ದಕ್ಕೆ ಮಾಡಿಸುವ ಮರುವಿತರಣೆಗೆ ಸಾಮಾನ್ಯ ಶುಲ್ಕವೇ, 1500 ಅಥವಾ 2000.

ಖಾಲಿ ಪುಟ ಎಣಿಸುವಾಗ ಮೇಲೆ ವೀಸಾ ಎಂದು ಅಚ್ಚಾಗಿರುವ ಪುಟಗಳನ್ನು ಮಾತ್ರ ಹಿಡಿಯಿರಿ. ತಂದೆ ತಾಯಿಯ ಹೆಸರು, ವಿಳಾಸ ಇರುವ ಕೊನೆಯ ಪುಟ, ಷರಾ ಬರೆಯುವ ಪುಟ ಲೆಕ್ಕಕ್ಕಿಲ್ಲ. ಶೆಂಗೆನ್ ವೀಸಾಕ್ಕೆ ಕನಿಷ್ಠ ಎರಡು ಖಾಲಿ ಪುಟ ಬೇಕು, ದಕ್ಷಿಣ ಆಫ್ರಿಕಾವೂ ಎರಡು ಕೇಳುತ್ತದೆ. ಮೂಲೆಯಲ್ಲಿ ಒಂದು ಮುದ್ರೆ ಬಿದ್ದರೂ ಆ ಪುಟ ಖಾಲಿ ಅಲ್ಲ. ಪ್ರವಾಸಿ ಜಾಗಗಳಲ್ಲಿ ನೆನಪಿಗೆಂದು ಒತ್ತುವ ಅಲಂಕಾರದ ಮುದ್ರೆಯನ್ನು ಪಾಸ್‌ಪೋರ್ಟಿಗೆ ಹಾಕಿಸಲೇಬೇಡಿ, ಪುಟವೂ ಹೋಯಿತು, ಪುಸ್ತಕ ಕೆಡಿಸಿದ ಅನುಮಾನವೂ ಬಂತು. ಬೂಷ್ಟು ಹಿಡಿದು ಅಂಟಿದ ಪುಟ ಕೂಡ ಖಾಲಿ ಎಂದು ನಡೆಯುವುದಿಲ್ಲ.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂದು ಮೂರು ಹಂತ. ಎ ಕೌಂಟರಿನಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಬೆರಳಚ್ಚು ಮತ್ತು ಫೋಟೋ ತೆಗೆಯುತ್ತಾರೆ. ಫೋಟೋ ಅಲ್ಲೇ ತೆಗೆಯುವುದರಿಂದ ಸ್ಟುಡಿಯೋದಲ್ಲಿ ತೆಗೆಸಿಕೊಂಡು ಹೋಗಬೇಕಿಲ್ಲ. ಗದ್ದೆ ಕೆಲಸ, ಪಾತ್ರೆ ಕೆಲಸ ಮಾಡಿದ ಕೈಯ ಬೆರಳಚ್ಚು ಒಂದೇ ಸಲಕ್ಕೆ ಬೀಳುವುದಿಲ್ಲ. ಕೈ ತೊಳೆದು ಒರೆಸಿ ಮತ್ತೆ ಒತ್ತಿಸಿದರು. ಹಾನಿ ನೋಡುವುದು ಬಿ ಕೌಂಟರಿನ ಅಧಿಕಾರಿ. ಎದ್ದ ಮೂಲೆಯನ್ನು ಬೆಳಕಿಗೆ ಹಿಡಿದರು, ಪುಟ ಎಣಿಸಿದರು.

"ನೀರಾಗ ಬಿದ್ದಿತ್ತೇನ್ರಿ ಅಮ್ಮಾರ?"

"ಇಲ್ಲ ಮಾರಾಯ್ರೆ, ಕಪಾಟಿನಲ್ಲೇ ಇತ್ತು. ನಮ್ಮಲ್ಲಿ ಮಳೆ ಅಂದ್ರೆ ಹಾಗೇ, ರೇಷ್ಮೆ ಸೀರೆಗೂ ಬೂಷ್ಟು ಹಿಡೀತದೆ."

ಹೇಳಿಕೆಯಲ್ಲಿ ಬರೆದದ್ದೂ ಬಾಯಲ್ಲಿ ಬಂದದ್ದೂ ಒಂದೇ ಆಗಿದ್ದರಿಂದ ಅಲ್ಲಿಗೇ ಮುಗಿಯಿತು. ಮನೆಯವರು ಬರೆದುಕೊಟ್ಟ ಹೇಳಿಕೆಗೆ ಸಹಿ ಮಾತ್ರ ಹಾಕಿದ ಹಿರಿಯರಿದ್ದರೆ, ಒಳಗೆ ಹೋಗುವ ಮೊದಲು ಒಮ್ಮೆ ಓದಿ ಹೇಳಿ. ವಯಸ್ಸಾದವರ ಜೊತೆ ಬಂದವರನ್ನು ಒಳಗೆ ಬಿಟ್ಟರೂ ಪ್ರಶ್ನೆಗೆ ಉತ್ತರ ಅರ್ಜಿದಾರರೇ ಕೊಡಬೇಕು. ಸಿ ಕೌಂಟರಿನಲ್ಲಿ ಕಡತ ಒಪ್ಪಿದ ಮೇಲೆ ಹೊರಗೆ ಬರುವಾಗ ಕೊಡುವ ಚೀಟಿಯಲ್ಲಿ ಪೊಲೀಸ್ ಪರಿಶೀಲನೆ ಇದೆಯೋ ಇಲ್ಲವೋ ಎಂದು ಬರೆದಿರುತ್ತದೆ. ನಮಗೆ ಇತ್ತು, ಅದೂ ಪುಸ್ತಕ ಅಚ್ಚಾಗುವ ಮೊದಲೇ ಆಗಬೇಕಾದದ್ದು.

ನಿಜವಾದ ಕಾಯುವಿಕೆ ಇಲ್ಲಿಂದ. ಠಾಣೆಯಿಂದ ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೇ ಕರೆ ಬರುತ್ತದೆ. ನಮ್ಮೂರಲ್ಲಿ ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಹೋಗುತ್ತದೆ. ಹಾಗಾಗಿ ಅರ್ಜಿಯಲ್ಲಿ ಯಾರ ಫೋನು ಸದಾ ಹತ್ತುತ್ತದೋ ಅವರ ಸಂಖ್ಯೆ ಕೊಡುವುದು ಮೇಲು. ಇನ್ನೊಂದು ಮುಖ್ಯ ವಿಷಯ, ಆ ದಿನಗಳಲ್ಲಿ ಅರ್ಜಿದಾರರು ಅರ್ಜಿಯಲ್ಲಿ ಬರೆದ ಮನೆಯಲ್ಲೇ ಇರಬೇಕು. ಆಯಿಗೆ ಹೊರಡುವ ಮೊದಲು ಶಿರಸಿಯ ಚಿಕ್ಕಮ್ಮನ ಮನೆಗೆ ಹೋಗಿಬರುವ ಆಸೆ. ಪೊಲೀಸರು ಬಂದಾಗ ಮನೆಯಲ್ಲಿಲ್ಲವೆಂದು ವರದಿ ಹೋದರೆ ಕಡತ ಅಲ್ಲೇ ನಿಲ್ಲುತ್ತದೆ, ಸರಿಪಡಿಸಲು ಮತ್ತೆ ಓಡಾಟ. ಹೆರಿಗೆಯ ದಿನ ಹತ್ತಿರ ಬರುತ್ತಿದ್ದಂತೆ ಆಯಿ ಬೆಳಗಾದರೆ "ಪೋಸ್ಟಿನವ ಬಂದ್ನಾ" ಎಂದು ಕೇಳತೊಡಗಿದ್ದರು. ತಾಣದಲ್ಲಿ ಕಡತ ಸಂಖ್ಯೆ ಹಾಕಿ ನೋಡುವುದು ಬಿಟ್ಟರೆ ಆ ಹೊತ್ತಿನಲ್ಲಿ ಮಾಡುವುದಕ್ಕೆ ಬೇರೇನೂ ಇರುವುದಿಲ್ಲ.

ಈ ಕಾಯುವ ಹೊತ್ತಲ್ಲಿ ವೀಸಾ ಮಾಡಿಸಿಬಿಡೋಣ ಎಂದು ತಂಗಿಯ ಗಂಡ ಅವಸರ ಮಾಡಿದರು. ಹಾಗೆ ಮಾಡಿದರೆ ದುಡ್ಡು ಹೋಗುತ್ತದೆ. ಮರುವಿತರಣೆಯಾದ ಪಾಸ್‌ಪೋರ್ಟಿಗೆ ಸಂಖ್ಯೆಯೇ ಹೊಸದು, ಯುಎಇಯ ಇ-ವೀಸಾ ಹಳೆಯ ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ. ಮೊದಲು ಪುಸ್ತಕ, ಆಮೇಲೆ ವೀಸಾ. ಟಿಕೆಟ್ ಮಾತ್ರ ಹೆಸರಿನ ಮೇಲಿರುವುದರಿಂದ ಮೊದಲೇ ತೆಗೆದಿದ್ದರೂ ಪಾಸ್‌ಪೋರ್ಟ್ ಸಂಖ್ಯೆಯನ್ನು ಆಮೇಲೆ ಬದಲಿಸಬಹುದು.

ಹೊಸ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬಂತು. ಅರ್ಜಿದಾರರ ಕೈಗೇ ಕೊಡುತ್ತಾರೆ, ಗುರುತಿನ ಚೀಟಿ ಹತ್ತಿರ ಇಟ್ಟುಕೊಳ್ಳಿ. ಬಂದ ಕೂಡಲೇ ಹೆಸರಿನ ಕಾಗುಣಿತ, ಹುಟ್ಟಿದ ದಿನ, ಕೊನೆಯ ಪುಟದಲ್ಲಿ ಬರೆದ ಹಳೆಯ ಪಾಸ್‌ಪೋರ್ಟ್ ಸಂಖ್ಯೆ ತಾಳೆ ನೋಡಿ. ಈಗ ಬರುತ್ತಿರುವುದು ಚಿಪ್ ಇರುವ ಇ-ಪಾಸ್‌ಪೋರ್ಟ್, ಹೊರರಟ್ಟಿನ ಮೇಲೆ ಬಂಗಾರ ಬಣ್ಣದ ಚಿಕ್ಕ ಗುರುತು ಇರುತ್ತದೆ. ಅದನ್ನು ಮಡಚಬಾರದು, ರಟ್ಟಿಗೆ ಪಿನ್ ಹೊಡೆಯಬಾರದು. ಟ್ರಾವೆಲ್ಸ್ ಅಂಗಡಿಗಳಲ್ಲಿ ಟಿಕೆಟ್ ಪ್ರತಿಯನ್ನು ಪಾಸ್‌ಪೋರ್ಟಿಗೆ ಸ್ಟೇಪ್ಲರ್ ಹೊಡೆದು ಕೊಡುವ ಚಾಳಿ ಇದೆ, ಕೈ ಹಿಡಿದು ನಿಲ್ಲಿಸಿ.

ಇನ್ನು ಇಡುವ ಜಾಗ. ಪ್ಲಾಸ್ಟಿಕ್ ಹೊದಿಕೆ ತೆಗೆದು, ಪುಸ್ತಕವನ್ನು ಬಿಸಿಲಿನ ದಿನ ಗಾಳಿಗೆ ಆರಿಸಿ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಹೊರಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟರೆ ಬೂಷ್ಟಿನ ಕಾಟ ಕಡಿಮೆ. ಪೊಟ್ಟಣ ಒಂದು ಮಳೆಗಾಲಕ್ಕೆ ಮಾತ್ರ, ಮುಂದಿನ ಜೂನ್‌ಗೆ ಬದಲಿಸಿ. ತೇವವಿದ್ದಾಗಲೇ ಚೀಲದೊಳಗೆ ಹಾಕಿ ಮುಚ್ಚಿದರೆ ಮಾತ್ರ ಮೊದಲಿಗಿಂತ ಕೆಟ್ಟದಾಗುತ್ತದೆ.

ಮಕ್ಕಳ ಹತ್ತಿರ ಅಮೆರಿಕಕ್ಕೆ ಹೋಗಿಬರುವ ಹಿರಿಯರಿಗೆ ಒಂದು ಮಾತು ಉಳಿಯಿತು. ಅವರ ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಅವಧಿ ಇರುವ ಅಮೆರಿಕದ ವೀಸಾ ಇದ್ದರೆ ಪುಸ್ತಕ ರದ್ದಾದರೂ ವೀಸಾ ರದ್ದಾಗುವುದಿಲ್ಲ. ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಹಿಡಿದು ಹೋಗಬಹುದು. ಅದಕ್ಕೆ ಆ ವೀಸಾ ಪುಟಕ್ಕೆ ಹಾನಿ ಆಗಿರಬಾರದು. ಕೇಂದ್ರದಲ್ಲಿ ರದ್ದತಿಯ ಮುದ್ರೆ ಒತ್ತುವ ಮೊದಲೇ ಇದರಲ್ಲಿ ಚಾಲ್ತಿ ವೀಸಾ ಇದೆ ಎಂದು ಪುಟ ತೆರೆದು ತೋರಿಸಿ, ಪುಸ್ತಕ ವಾಪಸು ಕೇಳಿ ಪಡೆದುಕೊಳ್ಳಿ.